ಕಂಟೇನರ್‌ಗೆ ಬರೀ 1,800 ರೂಪಾಯಿ: ಎರಡು ಸ್ಥಾನ ಸರಿದ ದಶಮಾಂಶ ಬಿಂದುವಿನ ಪ್ರಕರಣ

ಇದು ಬೆಂಗಳೂರಿನ ಒಂದು ಅನಲಿಟಿಕ್ಸ್ ತಂಡದಲ್ಲಿ ನಡೆದದ್ದು. ಕಂಪನಿಯ ಹೆಸರು, ಕ್ಲೈಂಟ್ ಹೆಸರು, ಜನರ ಹೆಸರು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಅಂಕಿಗಳನ್ನೂ ಬದಲಿಸಿದ್ದೇನೆ, ಲೆಕ್ಕ ಸುಲಭವಾಗಲಿ ಎಂದು ದುಂಡಾಗಿಸಿದ್ದೇನೆ. ಆದರೆ ಒಂದಕ್ಕೊಂದು ಇರುವ ಪ್ರಮಾಣವನ್ನು ಹಾಗೇ ಉಳಿಸಿಕೊಂಡಿದ್ದೇನೆ. ನಾನು ಆಗ ಪಕ್ಕದ ತಂಡದಲ್ಲಿದ್ದೆ. ಕಂಪನಿಗಳ ಲೆಕ್ಕಪತ್ರ ಇಡುವ ಸ್ಯಾಪ್ ಎಂಬ ಸಾಫ್ಟ್‌ವೇರಿನ ಡೇಟಾ ಗೊತ್ತಿರುವವರು ಯಾರಾದರೂ ಬಂದು ನೋಡಲಿ ಎಂದು ಕರೆದಾಗ ಹೋದವನು. ಹಾಗಾಗಿ ನಡುವಿನಿಂದ ಮುಂದಿನದನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೂ ಮೊದಲಿನದನ್ನು ಅವರೆಲ್ಲರ ಬಾಯಲ್ಲೇ ಕೇಳಿ ತಿಳಿದುಕೊಂಡೆ.

ಹಿನ್ನೆಲೆ

ಕ್ಲೈಂಟ್ ಒಂದು ಭಾರತೀಯ ಎಂಜಿನಿಯರಿಂಗ್ ಕಂಪನಿ. ವಾಹನಗಳ ಬಿಡಿಭಾಗ ಮಾಡುತ್ತದೆ. ಇಲ್ಲಿ ಕೆಲವು ಕಾರ್ಖಾನೆಗಳಿವೆ, ಜಪಾನಿನಲ್ಲಿ ಒಂದು ಸಣ್ಣ ಘಟಕವಿದೆ. ಮೂರು ತಿಂಗಳಿಗೊಮ್ಮೆ ಈ ತಂಡ ಅವರಿಗೆ ಒಂದು ಸ್ಪೆಂಡ್ ರಿಪೋರ್ಟ್ ಕೊಡುತ್ತದೆ. ಯಾವ ಘಟಕ, ಯಾವ ಸಪ್ಲೈಯರ್‌ಗೆ, ಯಾವ ಬಾಬ್ತಿಗೆ ಎಷ್ಟು ಖರ್ಚು ಮಾಡಿತು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಎಲ್ಲ ಮೊತ್ತವೂ ಕೋಟಿ ರೂಪಾಯಿಯಲ್ಲಿ. ಖರೀದಿ ವಿಭಾಗದ ಮುಖ್ಯಸ್ಥರು ಇದನ್ನು ಹಿಡಿದುಕೊಂಡೇ ಸಪ್ಲೈಯರ್‌ಗಳ ಜೊತೆ ದರದ ಮಾತುಕತೆಗೆ ಕೂರುತ್ತಾರೆ.

ಡೇಟಾ ಎರಡು ಕಡೆಯಿಂದ ಬರುತ್ತದೆ. ಬಹುಪಾಲು ಸ್ಯಾಪ್‌ನಿಂದ. ಅದರ ಟೇಬಲ್‌ಗಳಲ್ಲಿ ಇರುವುದನ್ನು ಇದ್ದ ಹಾಗೇ ಎಳೆದುಕೊಳ್ಳುತ್ತಾರೆ. ಜಪಾನ್ ಘಟಕಕ್ಕೆ ಮಾತ್ರ ಇನ್ನೊಂದು ಫೈಲ್ ಇದೆ. ಅಲ್ಲಿನ ಸಿಬ್ಬಂದಿ ಕಂಪನಿ ಕಾರ್ಡ್‌ನಲ್ಲಿ ಮಾಡಿದ ಸಣ್ಣಪುಟ್ಟ ಖರ್ಚು, ಹೋಟೆಲ್, ಟ್ಯಾಕ್ಸಿ, ಸ್ಟೇಷನರಿ ಇತ್ಯಾದಿ. ಇದು ಬ್ಯಾಂಕಿನಿಂದ ನೇರ ಬರುವ ಸಿಎಸ್‌ವಿ ಫೈಲ್. ಎರಡನ್ನೂ ಸೇರಿಸಿ, ವಿನಿಮಯ ದರದ ಫೈಲ್‌ನಿಂದ ರೂಪಾಯಿಗೆ ಬದಲಿಸಿ ವರದಿ ಮಾಡುತ್ತಾರೆ.

ಆ ತ್ರೈಮಾಸಿಕದ ವರದಿ ಸಿದ್ಧವಾದಾಗ ಒಟ್ಟು ಖರ್ಚು 386 ಕೋಟಿ ಬಂದಿತ್ತು. ಹಿಂದಿನ ತ್ರೈಮಾಸಿಕದಲ್ಲಿ 410 ಕೋಟಿ ಇತ್ತು. ಅಂದರೆ ಸುಮಾರು 6% ಇಳಿಕೆ. ಕ್ಲೈಂಟ್ ಆ ವರ್ಷ ಖರ್ಚು ತಗ್ಗಿಸುವ ಯೋಜನೆಯೊಂದನ್ನು ನಡೆಸುತ್ತಿತ್ತು, ಅವರ ಗುರಿಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಹಾಗಾಗಿ ಈ ಇಳಿಕೆ ಯಾರಿಗೂ ಅನುಮಾನ ಹುಟ್ಟಿಸಲಿಲ್ಲ. ವರದಿಯ ಮೊದಲ ಪುಟದಲ್ಲೇ ಅದನ್ನು ದೊಡ್ಡ ಅಕ್ಷರದಲ್ಲಿ ಹಾಕಿದ್ದರು.

ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಅದೇ ಅಂಕಿ 6% ಏರಿದ್ದರೆ ಇಡೀ ತಂಡ ರಾತ್ರಿ ಕೂತು ಕಾರಣ ಹುಡುಕುತ್ತಿತ್ತು. ಇಳಿದದ್ದರಿಂದ, ಅದೂ ಎಲ್ಲರೂ ಕಾಯುತ್ತಿದ್ದಷ್ಟೇ ಇಳಿದದ್ದರಿಂದ, ಯಾರೂ ಹುಡುಕಲಿಲ್ಲ.

ಕಣ್ಣಿಗೆ ಬಿದ್ದ ಸಾಲು

ವರದಿ ಗುರುವಾರ ಬೆಳಿಗ್ಗೆ ಕ್ಲೈಂಟ್‌ಗೆ ಹೋಗಬೇಕಿತ್ತು. ಬುಧವಾರ ಮಧ್ಯಾಹ್ನ ತಂಡದ ಜೂನಿಯರ್ ಅನಲಿಸ್ಟ್‌ಗೆ ಒಂದು ಕೆಲಸ ಕೊಟ್ಟಿದ್ದರು. ಸಪ್ಲೈಯರ್‌ಗಳ ಹೆಸರು ಎರಡೆರಡು ಬಗೆಯಲ್ಲಿ ಬಂದಿದ್ದರೆ ಒಂದು ಮಾಡುವುದು. ಅವರು ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಮೊತ್ತಗಳನ್ನು ನೋಡುವುದು ಅವರ ಕೆಲಸವೇ ಅಲ್ಲ. ಹೆಸರಿನ ಪಕ್ಕದ ಕಾಲಂನಲ್ಲಿ ಮೊತ್ತ ಇತ್ತು, ಅಷ್ಟೇ.

ಸಾಗಣೆ ಕಂಪನಿಯೊಂದರ ಹೆಸರು ಸರಿಮಾಡುವಾಗ ಅವರು ಒಂದು ಸಾಲನ್ನು ನೋಡಿ ನಿಂತರು. ನಗೋಯಾದಿಂದ ಚೆನ್ನೈಗೆ ಹಡಗಿನಲ್ಲಿ ಬಂದ ಒಂದು ಕಂಟೇನರ್, ಸಾಗಣೆ ವೆಚ್ಚ 1,800 ರೂಪಾಯಿ. ಹಬ್ಬದ ಹಿಂದಿನ ದಿನ ಬೆಂಗಳೂರಿನಿಂದ ಮಂಗಳೂರಿಗೆ ಖಾಸಗಿ ಬಸ್ಸಿನಲ್ಲಿ ಒಬ್ಬರು ಹೋಗಲು ಅಷ್ಟಾಗುತ್ತದೆ. ಸಮುದ್ರ ದಾಟಿ ಒಂದು ಕಂಟೇನರ್ ಅಷ್ಟಕ್ಕೆ ಬರಲು ಸಾಧ್ಯವೇ?

ಒಂದೇ ಸಾಲು ಹೀಗಿದ್ದರೆ ಟೈಪ್ ಮಾಡಿದವರ ತಪ್ಪು ಇರಬಹುದು. ಅವರು ಅದೇ ಸಪ್ಲೈಯರ್‌ನ ಉಳಿದ ಸಾಲುಗಳನ್ನು ನೋಡಿದರು. ಎಲ್ಲವೂ ಸಾವಿರ, ಎರಡು ಸಾವಿರದ ಆಸುಪಾಸು. ಆಮೇಲೆ ಜಪಾನಿನ ಬೇರೆ ಸಪ್ಲೈಯರ್‌ಗಳನ್ನು ನೋಡಿದರು. ಕ್ರೇನ್ ತಪಾಸಣೆ, ಡೈ ರಿಪೇರಿ, ಬೇರಿಂಗ್‌ಗಳ ದೊಡ್ಡ ಆರ್ಡರ್, ಎಲ್ಲ ಕಡೆಯೂ ಮೊತ್ತ ಕಿರಾಣಿ ಅಂಗಡಿ ಬಿಲ್ಲಿನಷ್ಟೇ ಇತ್ತು. ಕೊನೆಗೆ ಘಟಕವಾರು ಪುಟ ತೆಗೆದರು. ಜಪಾನ್ ಎದುರು 0.24 ಕೋಟಿ ಎಂದಿತ್ತು. ಹಿಂದಿನ ತ್ರೈಮಾಸಿಕದಲ್ಲಿ ಅದೇ ಜಾಗದಲ್ಲಿ 24 ಕೋಟಿ.

24 ಮತ್ತು 0.24. ಅಂಕಿ ಅದೇ, ಬಿಂದು ಮಾತ್ರ ಎರಡು ಮನೆ ಎಡಕ್ಕೆ ಹೋಗಿತ್ತು. 410 ಮತ್ತು 386ರ ನಡುವಿನ ವ್ಯತ್ಯಾಸ ಎಷ್ಟು? 24. ಮೊದಲ ಪುಟದ ಉಳಿತಾಯವೆಲ್ಲ ಈ ಒಂದು ಸಾಲಿನಿಂದಲೇ ಬಂದಂತೆ ಕಾಣುತ್ತಿತ್ತು.

ಇಷ್ಟು ದೊಡ್ಡ ವ್ಯತ್ಯಾಸ ಘಟಕವಾರು ಪುಟದಲ್ಲಿ ಯಾರಿಗೂ ಕಾಣಲಿಲ್ಲವೇ ಎಂದು ನಾನೂ ಕೇಳಿದೆ. ಆ ಪುಟದಲ್ಲಿ ಇದ್ದದ್ದು ಬಾರ್ ಚಾರ್ಟ್, ಅಂದರೆ ಉದ್ದುದ್ದ ಪಟ್ಟಿಗಳ ಚಿತ್ರ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ್ದು. ಜಪಾನ್ ಮೊದಲೂ ಕೊನೆಯ ಪಟ್ಟಿ, ಈಗಲೂ ಕೊನೆಯ ಪಟ್ಟಿ. ಅದು ಇನ್ನಷ್ಟು ಸಣ್ಣಗಾದದ್ದು ನೂರಾರು ಕೋಟಿಯ ಪಟ್ಟಿಗಳ ಪಕ್ಕದಲ್ಲಿ ಕಣ್ಣಿಗೆ ಹೊಡೆಯುವುದಿಲ್ಲ.

ದಿನವೂ ನಡೆಯುವ ತಪಾಸಣೆಗಳು ಏಕೆ ಸುಮ್ಮನಿದ್ದವು

ತಂಡದಲ್ಲಿ ತಪಾಸಣೆಗಳು ಇರಲಿಲ್ಲ ಎಂದಲ್ಲ. ಸ್ಯಾಪ್‌ನಲ್ಲಿ ಎಷ್ಟು ಸಾಲುಗಳಿವೆಯೋ ತಮ್ಮ ಬಳಿಗೂ ಅಷ್ಟೇ ಬಂದಿವೆಯೇ ಎಂದು ನೋಡುತ್ತಿದ್ದರು. ಬಂದಿದ್ದವು. ಟೇಬಲ್‌ನಲ್ಲಿನ ಮೊತ್ತದ ಕಾಲಂ ಕೂಡಿದಾಗ ಬರುವುದೂ ತಮ್ಮ ಫೈಲ್‌ನಲ್ಲಿ ಬರುವುದೂ ಒಂದೇ ಇದೆಯೇ ಎಂದು ನೋಡುತ್ತಿದ್ದರು. ಒಂದೇ ಇತ್ತು. ಜಪಾನಿನೊಳಗೆ ಯಾವ ಸಪ್ಲೈಯರ್‌ನ ಪಾಲು ಎಷ್ಟು ಶೇಕಡ, ಹಿಂದಿನ ಸಲಕ್ಕಿಂತ ಜಾಸ್ತಿ ಬದಲಾಗಿದೆಯೇ ಎಂದೂ ನೋಡುತ್ತಿದ್ದರು. ಬದಲಾಗಿರಲಿಲ್ಲ.

ಬದಲಾಗುವುದೂ ಇಲ್ಲ. ಒಂದು ದೇಶದ ಎಲ್ಲ ಮೊತ್ತವನ್ನೂ ಒಂದೇ ಸಮ 100ರಿಂದ ಭಾಗಿಸಿದರೆ ಪಾಲುಗಳು ಹಾಗೇ ಇರುತ್ತವೆ, ಯಾರು ಮೊದಲು ಯಾರು ನಂತರ ಎಂಬ ಕ್ರಮ ಹಾಗೇ ಇರುತ್ತದೆ. ಮೋಸ ಪತ್ತೆಗೆಂದು ಕೆಲವರು ಮೊತ್ತಗಳ ಮೊದಲ ಅಂಕಿ ಎಷ್ಟು ಸಲ 1, ಎಷ್ಟು ಸಲ 2 ಎಂದು ಎಣಿಸುವ ಬೆನ್‌ಫರ್ಡ್ ಪರೀಕ್ಷೆ ಮಾಡುತ್ತಾರಲ್ಲ, ಅದೂ ಇಲ್ಲಿ ಏನೂ ಹೇಳುವುದಿಲ್ಲ. 1,80,000 ಆದರೂ 1,800 ಆದರೂ ಮೊದಲ ಅಂಕಿ 1 ತಾನೇ. ಬಿಂದು ಸರಿದ ತಪ್ಪನ್ನು ಹಿಡಿಯಬೇಕಾದರೆ ಹೊರಗಿನ ಯಾವುದಾದರೂ ಅಳತೆಯ ಜೊತೆ ಹೋಲಿಸಲೇಬೇಕು. ಆ ಅನಲಿಸ್ಟ್ ಬಳಸಿದ ಅಳತೆ ಒಂದೇ. ಒಂದು ಕಂಟೇನರ್‌ಗೆ ಎಷ್ಟಾಗಬಹುದು ಎಂಬ ಅಂದಾಜು.

ಮೊದಲ ಉತ್ತರ, ಅದು ಏಕೆ ಸಾಲಲಿಲ್ಲ

ಅವರು ಮೊದಲು ಅನುಮಾನಿಸಿದ್ದು ವಿನಿಮಯ ದರವನ್ನು. ಫೈಲ್ ತೆಗೆದರು. ಯೆನ್ ಎದುರು 0.60 ಇತ್ತು. ಒಂದು ಯೆನ್‌ಗೆ ಅರವತ್ತು ಪೈಸೆ. ಇದು ಸರಿಯಾಗಿಯೇ ಇದೆ. ಹಾಗಾದರೆ ಹಿಂದಿನ ಸಲ? ಹಳೆಯ ಫೈಲ್‌ನಲ್ಲಿ ಅದೇ ಜಾಗದಲ್ಲಿ 60 ಎಂದಿತ್ತು.

ಇದರ ಹಿನ್ನೆಲೆ ಹುಡುಕುವುದು ಕಷ್ಟವಾಗಲಿಲ್ಲ. ನಮ್ಮಲ್ಲಿ ಪ್ರಕಟವಾಗುವ ಅಧಿಕೃತ ರೆಫರೆನ್ಸ್ ದರದಲ್ಲಿ ಡಾಲರ್, ಪೌಂಡ್, ಯೂರೋಗಳಿಗೆ ಒಂದೊಂದರ ಬೆಲೆ ಕೊಡುತ್ತಾರೆ. ಆದರೆ ಯೆನ್‌ಗೆ ನೂರು ಯೆನ್‌ನ ಬೆಲೆ ಕೊಡುತ್ತಾರೆ. ಜಪಾನ್ ಘಟಕವನ್ನು ವರದಿಗೆ ಮೊದಲು ಸೇರಿಸಿದವರು ಆ ಅಂಕಿಯನ್ನು ಹಾಗೇ ನಕಲು ಮಾಡಿದ್ದರು. ಈ ಸಲ ದರದ ಫೈಲ್ ತಯಾರಿಸಿದವರಿಗೆ ಅದು ಕಂಡಿತು. ಒಂದು ಯೆನ್‌ಗೆ 60 ರೂಪಾಯಿ ಹೇಗೆ ಎಂದುಕೊಂಡು 0.60 ಎಂದು ತಿದ್ದಿದ್ದರು. ಅವರು ಮಾಡಿದ್ದು ನೂರಕ್ಕೆ ನೂರು ಸರಿ. ಆದರೆ ತಿದ್ದಿದ ಮೇಲೆ ವರದಿ ಕೆಟ್ಟಿತು.

ಅನಲಿಸ್ಟ್ ಇದನ್ನೆಲ್ಲ ಟೀಮ್ ಲೀಡ್ ಬಳಿ ತೆಗೆದುಕೊಂಡು ಹೋದರು. ಅವರ ನಡುವಿನ ಮಾತು ಹೀಗಿತ್ತು ಎಂದು ಇಬ್ಬರೂ ನನಗೆ ಹೇಳಿದ್ದಾರೆ.

"ಸರ್, ಜಪಾನ್ ಒಂದು ಸಲ ನೋಡ್ತೀರಾ? ನೂರು ಪಟ್ಟು ಕಡಿಮೆ ಬಂದಿದೆ ಅನ್ಸುತ್ತೆ."

ಲೀಡ್ ನೋಡಿದರು. ಒಪ್ಪಿಕೊಂಡರು, ಬೆನ್ನು ತಟ್ಟಿದರು. "ಒಳ್ಳೇದಾಯ್ತು ನೋಡಮ್ಮಾ. ಹಳೇ ರೇಟ್ ವಾಪಸ್ ಹಾಕು, ರನ್ ಮಾಡು. ನಾಳೆ ಬೆಳಿಗ್ಗೆ ಕಳಿಸೋಣ."

ಅನಲಿಸ್ಟ್ ಅಲ್ಲೇ ನಿಂತಿದ್ದರು. "ಆದ್ರೆ ಸರ್, ಒಂದು ಯೆನ್‌ಗೆ 60 ರೂಪಾಯಿ ಅಲ್ವಲ್ಲ. ರೇಟ್ ತಪ್ಪಿದ್ದಾಗ ಉತ್ತರ ಹೇಗೆ ಸರಿ ಬರ್ತಿತ್ತು?"

ನನ್ನ ಲೆಕ್ಕದಲ್ಲಿ ಇಡೀ ಪ್ರಕರಣ ತಿರುಗಿದ್ದು ಈ ಪ್ರಶ್ನೆಯಲ್ಲಿ. 1,800 ರೂಪಾಯಿಯ ಸಾಲು ಕಂಡದ್ದು ಒಳ್ಳೆಯ ಕಣ್ಣು, ನಿಜ. ಆದರೆ ಅಲ್ಲಿಗೇ ನಿಂತಿದ್ದರೆ 60 ವಾಪಸ್ ಬರುತ್ತಿತ್ತು, ಮೊತ್ತ 24 ಕೋಟಿಗೆ ಮರಳುತ್ತಿತ್ತು, ಎಲ್ಲರೂ ಮನೆಗೆ ಹೋಗುತ್ತಿದ್ದರು. ತಪ್ಪು ದರದಿಂದ ಸರಿ ಎನ್ನಿಸುವ ಉತ್ತರ ಬರುತ್ತಿದೆ ಎಂದರೆ ಇನ್ನೆಲ್ಲೋ ಅಷ್ಟೇ ದೊಡ್ಡ ತಪ್ಪು ಉಲ್ಟಾ ದಿಕ್ಕಿನಲ್ಲಿ ಕೂತಿದೆ. ಲೀಡ್ ಕೂಡ ಒಳ್ಳೆಯ ಕೆಲಸಗಾರರೇ. ಪ್ರಶ್ನೆ ಕೇಳಿದ ಮೇಲೆ ಅವರು ತಳ್ಳಿಹಾಕಲಿಲ್ಲ. ಆಗ ನನ್ನನ್ನು ಕರೆದರು.

ಯೆನ್‌ಗೆ ಪೈಸೆ ಇಲ್ಲ

ನಾವು ಮೂವರೂ ಆ ಕಂಟೇನರ್ ಸಾಲಿನ ಕಚ್ಚಾ ಡೇಟಾ ತೆಗೆದೆವು. ಮೊತ್ತದ ಜಾಗದಲ್ಲಿ 3000.00 ಇತ್ತು, ಕರೆನ್ಸಿ JPY. ಇದನ್ನು ನೋಡಿದ ಕೂಡಲೇ ನನಗೆ ಅಂದಾಜಾಯಿತು.

ರೂಪಾಯಿಗೆ ಪೈಸೆ ಇದೆ, ಡಾಲರ್‌ಗೆ ಸೆಂಟ್ ಇದೆ. ಹಾಗಾಗಿ ಬಿಂದುವಿನ ನಂತರ ಎರಡು ಸ್ಥಾನ ಬೇಕು. ಯೆನ್‌ಗೆ ಅಂಥ ಚಿಲ್ಲರೆ ಇಲ್ಲ. ಬಿಲ್ಲು ಯಾವಾಗಲೂ ಪೂರ್ಣ ಯೆನ್‌ಗಳಲ್ಲೇ ಇರುತ್ತದೆ. ಆದರೆ ಸ್ಯಾಪ್‌ನ ಟೇಬಲ್‌ಗಳಲ್ಲಿ ಹಣದ ಕಾಲಂ ಎಲ್ಲ ಕರೆನ್ಸಿಗೂ ಒಂದೇ, ಸಾಮಾನ್ಯವಾಗಿ ಬಿಂದುವಿನ ನಂತರ ಎರಡು ಸ್ಥಾನ. ಅಲ್ಲಿ ಯೆನ್ ಮೊತ್ತವನ್ನು ಇಡುವ ರೀತಿ ಹೀಗೆ. 3,00,000 ಯೆನ್‌ನ ಕೊನೆಯ ಎರಡು ಅಂಕಿಗಳನ್ನು ಬಿಂದುವಿನ ನಂತರದ ಜಾಗಕ್ಕೆ ತಳ್ಳಿ 3000.00 ಎಂದು ಇಡುತ್ತದೆ. ಪರದೆಯ ಮೇಲೆ ತೋರಿಸುವಾಗ, ಪ್ರಿಂಟ್ ಕೊಡುವಾಗ, ಇದು ಯೆನ್, ಇದಕ್ಕೆ ದಶಮಾಂಶ ಇಲ್ಲ ಎಂದು ನೋಡಿಕೊಂಡು ಮತ್ತೆ 3,00,000 ಮಾಡಿ ತೋರಿಸುತ್ತದೆ. ಯಾವ ಕರೆನ್ಸಿಗೆ ಎಷ್ಟು ದಶಮಾಂಶ ಎಂಬುದು `TCURX` ಎಂಬ ಸಣ್ಣ ಟೇಬಲ್‌ನಲ್ಲಿರುತ್ತದೆ. ಅದರಲ್ಲಿ ಹೆಸರಿಲ್ಲದ ಕರೆನ್ಸಿಗೆ ಎರಡು ಎಂದೇ ಅರ್ಥ.

ಇದು ಸಾಫ್ಟ್‌ವೇರಿನ ದೋಷವಲ್ಲ. ಅದು ಮೊದಲಿನಿಂದ ಹೀಗೇ ಇದೆ, ಆ ಕೆಲಸದಲ್ಲಿ ಇರುವವರಿಗೆ ಗೊತ್ತಿರುವ ಸಂಗತಿಯೇ. ಅದರ ಪರದೆಯ ಮೂಲಕ ನೋಡುವವರಿಗೆ ಏನೂ ತೊಂದರೆ ಇಲ್ಲ. ಟೇಬಲ್‌ಗೇ ನೇರ ಕೈ ಹಾಕಿ ಡೇಟಾ ಎಳೆಯುವವರು ಮಾತ್ರ ಈ ಬದಲಾವಣೆಯನ್ನು ತಾವೇ ಮಾಡಿಕೊಳ್ಳಬೇಕು. ಈ ತಂಡ ಮಾಡಿಕೊಂಡಿರಲಿಲ್ಲ.

ಅಂದಾಜು ಸಾಕಾಗುವುದಿಲ್ಲವಲ್ಲ, ಸಾಕ್ಷಿ ಬೇಕಿತ್ತು. ಕ್ಲೈಂಟ್ ಬೇರೊಂದು ಕೆಲಸಕ್ಕೆಂದು ಪ್ರತಿ ತಿಂಗಳು ಬಾಕಿ ಪಾವತಿಗಳ ಪಿಡಿಎಫ್ ಕಳಿಸುತ್ತಿತ್ತು. ಅದು ಸ್ಯಾಪ್‌ನಿಂದಲೇ ಪ್ರಿಂಟ್ ಆದದ್ದು, ಟೇಬಲ್‌ನಿಂದ ಎಳೆದದ್ದಲ್ಲ. ಅನಲಿಸ್ಟ್‌ಗೆ ಅದು ನೆನಪಿತ್ತು. ಅದೇ ಇನ್‌ವಾಯ್ಸ್ ನಂಬರ್ ಹುಡುಕಿದರು. ಅಲ್ಲಿ 300,000 JPY ಎಂದು ಸ್ಪಷ್ಟವಾಗಿತ್ತು. ಇನ್ನೂ ಕೆಲವು ಇನ್‌ವಾಯ್ಸ್ ಹೋಲಿಸಿದೆವು. ಎಲ್ಲದರಲ್ಲೂ ನೂರು ಪಟ್ಟು.

ಈಗ ಕಥೆ ಪೂರ್ತಿ ಕಂಡಿತು. ಮೊತ್ತ ನೂರು ಪಟ್ಟು ಕಡಿಮೆ ಬರುತ್ತಿತ್ತು, ದರ ನೂರು ಪಟ್ಟು ಜಾಸ್ತಿ ಇತ್ತು. ಎರಡೂ ಒಂದನ್ನೊಂದು ಅಳಿಸಿಹಾಕಿ ರೂಪಾಯಿ ಮೊತ್ತ ಸರಿಯಾಗಿ ಬರುತ್ತಿತ್ತು. ಜಪಾನ್ ಸೇರಿಸಿದವರು ಬಹುಶಃ ಒಟ್ಟು ಮೊತ್ತ ತಾಳೆಯಾಯಿತು ಎಂದು ಮುಂದೆ ಹೋಗಿರಬೇಕು. ಈ ಸಲ ಎರಡರಲ್ಲಿ ಒಂದನ್ನು ಮಾತ್ರ ಸರಿಮಾಡಿದ್ದರಿಂದ ಇನ್ನೊಂದು ಹೊರಗೆ ಬಂತು.

ಇನ್ನೊಂದು ಶಾರ್ಟ್‌ಕಟ್, ಇನ್ನೊಂದು ಪ್ರಶ್ನೆ

ಹೊತ್ತು ಮೀರಿತ್ತು. 60 ವಾಪಸ್ ಹಾಕುವ ಮಾತು ಬಿದ್ದುಹೋಗಿತ್ತು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಮುಂದಿನ ತ್ರೈಮಾಸಿಕದಿಂದ ಜಪಾನ್ ಘಟಕಕ್ಕೂ ಯೆನ್‌ನಲ್ಲೇ ಒಂದು ಪುಟ ಕೊಡಬೇಕಿತ್ತು. ದರದ ಆಟದಿಂದ ರೂಪಾಯಿ ಸರಿಯಾದೀತು, ಯೆನ್ ಕಾಲಂ ಸರಿಯಾಗುವುದಿಲ್ಲ.

ಲೀಡ್ ಇನ್ನೊಂದು ದಾರಿ ಹೇಳಿದರು. ದರ 0.60 ಇರಲಿ. JPY ಎಂದಿರುವ ಎಲ್ಲ ಸಾಲುಗಳನ್ನೂ ಶೀಟ್‌ನಲ್ಲೇ 100ರಿಂದ ಗುಣಿಸಿಬಿಡೋಣ. ಐದು ನಿಮಿಷದ ಕೆಲಸ. ಕೇಳಿದರೆ ಸರಿಯೇ ಅನ್ನಿಸುತ್ತದೆ.

ಅನಲಿಸ್ಟ್ ಗುಣಿಸಿದರು. ಗುಣಿಸಿದ ಮೇಲೆ, ಮಧ್ಯಾಹ್ನ ಮಾಡಿದ್ದನ್ನೇ ಮತ್ತೆ ಮಾಡಿದರು. ಒಟ್ಟು ಮೊತ್ತ ನೋಡುವ ಬದಲು ಬಿಡಿ ಸಾಲುಗಳನ್ನು ಓದಿದರು. ಕಂಟೇನರ್ 1,80,000 ರೂಪಾಯಿ, ಸರಿ. ಕ್ರೇನ್ ತಪಾಸಣೆ ಸರಿ. ಆಮೇಲೆ ಒಂದು ಹೋಟೆಲ್ ಬಿಲ್. ಒಂದು ರಾತ್ರಿಯ ವಸತಿಗೆ 7,20,000 ರೂಪಾಯಿ.

ಆ ಸಾಲು ಸ್ಯಾಪ್‌ನದ್ದಲ್ಲ, ಬ್ಯಾಂಕಿನ ಕಾರ್ಡ್ ಫೈಲ್‌ನದ್ದು. ಬ್ಯಾಂಕ್ 12,000 ಯೆನ್ ಅನ್ನು 12,000 ಎಂದೇ ಕಳಿಸುತ್ತದೆ. ಅಲ್ಲಿ ಗುಣಿಸುವ ಅಗತ್ಯವೇ ಇಲ್ಲ. 0.60 ದರದಲ್ಲಿ ಅದು 7,200 ರೂಪಾಯಿ ಆಗಬೇಕು. ಅಂದರೆ ಸಂಜೆಯವರೆಗೆ ನಾವು ಕೆಟ್ಟದ್ದು ಎಂದುಕೊಂಡಿದ್ದ ಆ ವರದಿಯ ಜಪಾನ್ ಲೆಕ್ಕದಲ್ಲಿ ಕಾರ್ಡ್ ಸಾಲುಗಳು ಮಾತ್ರ ಸರಿಯಾಗಿದ್ದವು.

ಹಾಗಾದರೆ ಹಿಂದಿನ ವರದಿಗಳಲ್ಲಿ? ಅಲ್ಲಿ ದರ 60 ಇತ್ತು. 12,000ವನ್ನು 60ರಿಂದ ಗುಣಿಸಿದರೆ ಅದೇ 7,20,000. ಹಳೆಯ ವರದಿ ತೆಗೆದು ನೋಡಿದೆವು. ಜಪಾನಿನ 24 ಕೋಟಿಯಲ್ಲಿ ಕಾರ್ಡ್ ಖರ್ಚು 1.80 ಕೋಟಿ ಎಂದಿತ್ತು. ನಿಜವಾಗಿ ಅದು 3 ಲಕ್ಷ ಯೆನ್, ಅಂದರೆ 1.80 ಲಕ್ಷ ರೂಪಾಯಿ. ಎರಡು ತಪ್ಪುಗಳು ಒಂದನ್ನೊಂದು ಅಳಿಸುತ್ತಿದ್ದದ್ದು ಸ್ಯಾಪ್ ಸಾಲುಗಳಲ್ಲಿ ಮಾತ್ರ. ಕಾರ್ಡ್ ಸಾಲುಗಳಲ್ಲಿ ದರದ ತಪ್ಪೊಂದೇ ಇತ್ತು, ಅಳಿಸಲು ಜೋಡಿ ಇರಲಿಲ್ಲ. ಆ ವರದಿ ಕ್ಲೈಂಟ್ ಕೈಗೆ ಯಾವಾಗಲೋ ಹೋಗಿಯಾಗಿತ್ತು.

ಸರಿಪಡಿಸುವ ಕೆಲಸ ಶೀಟ್‌ನಲ್ಲಿ ಬೇಡ, ಡೇಟಾ ಎಳೆಯುವ ಜಾಗದಲ್ಲೇ, ಸ್ಯಾಪ್ ಸಾಲುಗಳಿಗೆ ಮಾತ್ರ ಎಂದು ತೀರ್ಮಾನಿಸಿದೆವು. 100 ಎಂದು ಕೈಯಾರೆ ಬರೆಯಲೂ ಇಲ್ಲ. `TCURX` ಏನು ಹೇಳುತ್ತದೋ ಅದರಂತೆ ಗುಣಿಸಲಿ ಎಂದು ಬಿಟ್ಟೆವು. ಬರೆದದ್ದು ಇಷ್ಟೇ:

```sql
SELECT k.WAERS,
       b.WRBTR * POWER(10.0, 2 - COALESCE(x.CURRDEC, 2)) AS amount
FROM BSEG b
JOIN BKPF k ON k.MANDT = b.MANDT AND k.BUKRS = b.BUKRS
           AND k.BELNR = b.BELNR AND k.GJAHR = b.GJAHR
LEFT JOIN TCURX x ON x.CURRKEY = k.WAERS
```

ಯೆನ್‌ಗೆ ಸೊನ್ನೆ ದಶಮಾಂಶ, ಹಾಗಾಗಿ 100ರಿಂದ ಗುಣಾಕಾರ. ರೂಪಾಯಿಗೆ ಎರಡು, ಹಾಗಾಗಿ 1ರಿಂದ. ಕುವೈತ್ ದಿನಾರ್‌ಗೆ ಮೂರು ಸ್ಥಾನ ಇರುವುದರಿಂದ ಅಲ್ಲಿ ತಪ್ಪು ಉಲ್ಟಾ ಆಗುತ್ತದೆ, ಕಚ್ಚಾ ಮೊತ್ತ ಹತ್ತು ಪಟ್ಟು ಜಾಸ್ತಿ ಕಾಣುತ್ತದೆ. ಈ ಕ್ಲೈಂಟ್‌ಗೆ ಕುವೈತ್ ವ್ಯವಹಾರ ಇರಲಿಲ್ಲ. ಆದರೆ ಮುಂದೊಂದು ದಿನ ಬಂದರೆ ಯಾರೂ ನೆನಪಿಟ್ಟುಕೊಳ್ಳುವ ಅಗತ್ಯ ಬೀಳಬಾರದು.

ಹೇಳಬೇಕೇ, ಬೇಡವೇ

ಹೊಸ ಲೆಕ್ಕದಲ್ಲಿ ಜಪಾನ್ 22.22 ಕೋಟಿ ಬಂತು. ಒಟ್ಟು 408 ಕೋಟಿ. ಹಿಂದಿನ ತ್ರೈಮಾಸಿಕವನ್ನೂ ಸರಿಮಾಡಿದರೆ ಅದು 410 ಅಲ್ಲ, 408.2. ಅಂದರೆ 6% ಉಳಿತಾಯ ಎಂಬುದೇ ಇರಲಿಲ್ಲ. ಖರ್ಚು ಇದ್ದಲ್ಲೇ ಇತ್ತು.

ಮ್ಯಾನೇಜರ್‌ಗೆ ರಾತ್ರಿಯೇ ಫೋನ್ ಹೋಯಿತು. ಮೊದಲ ಪುಟ ಬದಲಿಸುವ ಬಗ್ಗೆ ಚರ್ಚೆಯೇ ಇರಲಿಲ್ಲ, ಅದು ಹೋಗಲೇಬೇಕು. ಚರ್ಚೆ ನಡೆದದ್ದು ಹಳೆಯ ವರದಿಯ ಕಾರ್ಡ್ ಖರ್ಚಿನ ಬಗ್ಗೆ. 410 ಕೋಟಿಯಲ್ಲಿ 1.80 ಕೋಟಿ ಎಂದರೆ ಅರ್ಧ ಶೇಕಡವೂ ಅಲ್ಲ. ಈ ಸಲದಿಂದ ಸರಿಯಾದ ಅಂಕಿ ಹಾಕಿದರೆ ಯಾರೂ ಕೇಳುವುದಿಲ್ಲ, ಕೇಳಿದರೆ ಆಗ ಹೇಳೋಣ ಎಂಬ ಮಾತು ಬಂತು. ಇದನ್ನು ಆಡಿದವರು ಕೆಟ್ಟವರೇನಲ್ಲ. ಕ್ಲೈಂಟ್ ನಂಬಿಕೆ ಹೋದರೆ ಇಡೀ ತಂಡದ ಕೆಲಸಕ್ಕೇ ಪೆಟ್ಟು ಎಂಬ ಭಯ ನಿಜವಾದದ್ದೇ.

ಮ್ಯಾನೇಜರ್ ಕೊನೆಗೆ ಒಂದು ಪ್ರಶ್ನೆ ಕೇಳಿದರು. ಆ ಅಂಕಿ ನೋಡಿ ಕ್ಲೈಂಟ್ ಏನಾದರೂ ನಿರ್ಧಾರ ಮಾಡಿರಬಹುದಾ? ಯಾರಿಗೂ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೆ ಹೇಳಲೇಬೇಕು ಎಂದು ಅವರು ತೀರ್ಮಾನಿಸಿದರು. ನನಗೆ ಇದು ಸರಿಯಾದ ಅಳತೆಗೋಲು ಅನ್ನಿಸುತ್ತದೆ. ತಪ್ಪು ಎಷ್ಟು ಶೇಕಡ ಎಂಬುದು ನಮ್ಮ ಕಡೆಯ ಲೆಕ್ಕ. ಅದರಿಂದ ಯಾರ ಮೇಲೆ ಏನಾಗುತ್ತದೆ ಎಂಬುದು ಓದುವವರ ಕಡೆಯ ಲೆಕ್ಕ.

ವರದಿ ಒಂದು ದಿನ ತಡವಾಗಿ ಹೋಯಿತು. ಜೊತೆಗೆ ಅರ್ಧ ಪುಟದ ಟಿಪ್ಪಣಿ. ಹಿಂದಿನ ವರದಿಗಳಲ್ಲಿ ಜಪಾನ್ ಕಾರ್ಡ್ ಖರ್ಚು ನೂರು ಪಟ್ಟು ಜಾಸ್ತಿ ತೋರಿಸಲಾಗಿತ್ತು, ಕಾರಣ ಇದು, ಸರಿಯಾದ ಅಂಕಿಗಳು ಇವು. ಬೇರೆ ಯಾವ ಮೊತ್ತದ ಮೇಲೂ ಇದರ ಪರಿಣಾಮ ಇಲ್ಲ ಎಂಬುದನ್ನೂ, ಅದನ್ನು ಹೇಗೆ ಖಚಿತಪಡಿಸಿಕೊಂಡೆವು ಎಂಬುದನ್ನೂ ಬರೆದಿದ್ದರು.

ಕ್ಲೈಂಟ್‌ನ ಫೈನಾನ್ಸ್ ವಿಭಾಗದಿಂದ ಅದೇ ದಿನ ಫೋನ್ ಬಂತು. ಜಪಾನಿನಂಥ ಸಣ್ಣ ಘಟಕ ಮೂರು ತಿಂಗಳಿಗೆ 1.80 ಕೋಟಿ ಕಾರ್ಡ್‌ನಲ್ಲಿ ಖರ್ಚು ಮಾಡುತ್ತಿದೆ ಎಂದು ಅಲ್ಲಿ ಆಗಲೇ ಅಸಮಾಧಾನ ಇತ್ತಂತೆ. ಆ ಘಟಕದ ಬಹುತೇಕ ಕಾರ್ಡ್‌ಗಳನ್ನು ವಾಪಸ್ ಪಡೆಯುವ ಪ್ರಸ್ತಾವ ತಯಾರಾಗುತ್ತಿತ್ತು. ಟಿಪ್ಪಣಿ ನೋಡಿದ ಮೇಲೆ ಅದನ್ನು ಕೈಬಿಟ್ಟರು. ಅರ್ಧ ಶೇಕಡಕ್ಕೂ ಕಡಿಮೆ ಎಂದು ನಾವು ಅಳೆಯುತ್ತಿದ್ದ ಆ ಅಂಕಿಯಿಂದ, ಯಾವ ತಪ್ಪೂ ಮಾಡದ ಕೆಲವರು ಅನುಮಾನಕ್ಕೆ ಗುರಿಯಾಗುತ್ತಿದ್ದರು.

ಉಳಿತಾಯ ಮಾಯವಾದದ್ದು ಖರೀದಿ ಮುಖ್ಯಸ್ಥರಿಗೆ ಬೇಸರ ತಂದಿತು, ಸಹಜವೇ. ಅವರು ಮೂರು ತಿಂಗಳಿಂದ ಸಪ್ಲೈಯರ್‌ಗಳ ಜೊತೆ ಗುದ್ದಾಡಿ ಕೆಲವು ದರ ಇಳಿಸಿದ್ದರು. ಆದರೆ ಉತ್ಪಾದನೆ ಹೆಚ್ಚಾಗಿದ್ದರಿಂದ ಖರೀದಿಯೂ ಹೆಚ್ಚಾಗಿತ್ತು, ಒಟ್ಟು ಖರ್ಚು ಇಳಿಯಲಿಲ್ಲ. ಮುಂದಿನ ವರದಿಯಿಂದ ಒಟ್ಟು ಮೊತ್ತದ ಜೊತೆಗೆ ಬಿಡಿ ವಸ್ತುವಿನ ದರ ಎಷ್ಟು ಬದಲಾಯಿತು ಎಂಬುದನ್ನೂ ಕೊಡಿ ಎಂದು ಅವರೇ ಕೇಳಿದರು.

ಆಮೇಲೆ ಏನು ಬದಲಾಯಿತು

ದರದ ಫೈಲ್‌ಗೆ ಒಂದು ಹೊಸ ಕಾಲಂ ಬಂತು, ಈ ದರ ಎಷ್ಟು ಯೂನಿಟ್‌ಗೆ ಎಂದು. ಯೆನ್ ಎದುರು 100 ಎಂದು ಬರೆದು, ಪ್ರಕಟವಾದ ಅಂಕಿಯನ್ನು ಹಾಗೇ ಇಡುತ್ತಾರೆ. ಭಾಗಾಕಾರ ಕೋಡ್‌ನಲ್ಲಿ ಆಗುತ್ತದೆ. ಯಾರೂ ಮನಸ್ಸಿನಲ್ಲೇ ಬಿಂದು ಸರಿಸುವ ಅಗತ್ಯವಿಲ್ಲ.

ಅನಲಿಸ್ಟ್ ಒಂದು ತಪಾಸಣೆ ಬರೆದರು. ಪ್ರತಿ ಕರೆನ್ಸಿ, ಪ್ರತಿ ಮೂಲಕ್ಕೆ ಬೇರೆ ಬೇರೆಯಾಗಿ, ಸಾಲುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಡುವೆ ಬರುವ ಮೊತ್ತ ಎಷ್ಟು, ಹಿಂದಿನ ಸಲ ಎಷ್ಟಿತ್ತು ಎಂದು ಹೋಲಿಸುವುದು. ಅದು ಹತ್ತು ಪಟ್ಟು, ನೂರು ಪಟ್ಟಿನ ಆಸುಪಾಸು ಜಿಗಿದಿದ್ದರೆ ವರದಿ ಅಲ್ಲೇ ನಿಲ್ಲುತ್ತದೆ. ಸರಾಸರಿಯ ಬದಲು ನಡುವಿನ ಮೊತ್ತವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಒಂದು ದೊಡ್ಡ ಯಂತ್ರ ಕೊಂಡ ತಿಂಗಳಲ್ಲಿ ಸರಾಸರಿ ಸುಮ್ನೆ ಹಾರಿಬಿಡುತ್ತದೆ, ನಡುವಿನ ಮೊತ್ತ ಹಾಗೆ ಹಾರುವುದಿಲ್ಲ.

ಆದರೆ ಈ ತಪಾಸಣೆಗೆ ಒಂದು ಮಿತಿ ಇದೆ ಎಂದು ಅವರೇ ತೋರಿಸಿದರು. ಇದು ಬದಲಾವಣೆಯನ್ನು ಮಾತ್ರ ಹಿಡಿಯುತ್ತದೆ. ಸ್ಯಾಪ್‌ನಿಂದ ಎಳೆದ ಯೆನ್ ಮೊತ್ತ ಮೊದಲ ದಿನದಿಂದಲೇ ನೂರು ಪಟ್ಟು ಕಡಿಮೆ ಇತ್ತು, ಹಿಂದಿನ ಸಲದ ಜೊತೆ ಹೋಲಿಸಿದರೆ ಅದು ಎಂದಿಗೂ ಸಿಗುತ್ತಿರಲಿಲ್ಲ. ಅದಕ್ಕಾಗಿ ಇನ್ನೊಂದು ತಾಳೆ ಸೇರಿಸಿದರು. ಪ್ರತಿ ಘಟಕದ ಒಟ್ಟು ಮೊತ್ತವನ್ನು, ಅದರದೇ ಕರೆನ್ಸಿಯಲ್ಲಿ, ರೂಪಾಯಿಗೆ ಬದಲಿಸುವ ಮೊದಲು, ಕ್ಲೈಂಟ್ ಪ್ರಿಂಟ್ ಮಾಡಿ ಕೊಡುವ ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಖಾತೆಗಳ ಮೊತ್ತದ ಪಟ್ಟಿಯ ಜೊತೆ ಹೋಲಿಸುವುದು. ಕಾರ್ಡ್ ಫೈಲ್‌ಗೆ ಬ್ಯಾಂಕಿನ ತಿಂಗಳ ಸ್ಟೇಟ್‌ಮೆಂಟ್ ಜೊತೆ. ತೆರಿಗೆ, ಇನ್ನೂ ಬಿಲ್ ಬಾರದ ಖರ್ಚು ಮುಂತಾದ ಕಾರಣಕ್ಕೆ ಇವು ಪೂರ್ತಿ ಹೊಂದುವುದಿಲ್ಲ. ಕೆಲವು ಶೇಕಡ ಆಚೀಚೆ ಇದ್ದೇ ಇರುತ್ತದೆ. ನೂರು ಪಟ್ಟಿನ ತಪ್ಪು ಹಿಡಿಯಲು ಅಷ್ಟು ನಿಖರತೆ ಸಾಕು.

ಇಷ್ಟಾದರೂ ಒಂದು ಬಗೆಯ ತಪ್ಪು ಈ ಬಲೆಯಿಂದ ತಪ್ಪಿಸಿಕೊಳ್ಳುತ್ತದೆ. ಕ್ಲೈಂಟ್ ಕಡೆಯವರೇ ಯಾವುದೋ ಒಂದು ಇನ್‌ವಾಯ್ಸ್ ಹಾಕುವಾಗ ಬಿಂದು ತಪ್ಪಿದರೆ ಅದು ಟೇಬಲ್‌ನಲ್ಲೂ, ಟ್ರಯಲ್ ಬ್ಯಾಲೆನ್ಸ್‌ನಲ್ಲೂ, ಪಿಡಿಎಫ್‌ನಲ್ಲೂ ಒಂದೇ ರೀತಿ ತಪ್ಪಾಗಿರುತ್ತದೆ. ಅದನ್ನು ಪರ್ಚೇಸ್ ಆರ್ಡರ್‌ನಲ್ಲಿ ಒಪ್ಪಿದ ದರದ ಜೊತೆ ಸಾಲುಸಾಲಾಗಿ ಹೋಲಿಸಿಯೇ ಹಿಡಿಯಬೇಕು. ಪರ್ಚೇಸ್ ಆರ್ಡರ್ ಇಲ್ಲದ ಖರ್ಚಿಗೆ ಆ ದಾರಿಯೂ ಇಲ್ಲ. ಹಾಗಾಗಿ ಈಗ ಪ್ರತಿ ವರದಿಗೂ ಮೊದಲು ಪ್ರತಿ ಘಟಕದಿಂದ ಒಂದಷ್ಟು ಬಿಡಿ ಸಾಲುಗಳನ್ನು ಆರಿಸಿ, ಇದು ಏನು, ಇದಕ್ಕೆ ಇಷ್ಟಾಗುತ್ತದೆಯೇ ಎಂದು ಒಬ್ಬರು ಕೂತು ಓದುತ್ತಾರೆ. ಆ ಸಾಲುಗಳನ್ನು ಆರಿಸುವ ಕೆಲಸವನ್ನು ಅದೇ ಅನಲಿಸ್ಟ್‌ಗೆ ವಹಿಸಿದ್ದಾರೆ.